ನಮಸ್ಕಾರ ಮುಗಿಯುವ ಮೊದಲೇ

ನನ್ನ ಮಾಮನ ಯೂಟ್ಯೂಬ್ ಚಾನೆಲ್‌ಗೆ ನಾನೇ ಎಡಿಟರ್, ನಾನೇ ಕ್ಯಾಮೆರಾಮನ್, ನಾನೇ ಗ್ರಾಫಿಕ್ಸ್ ವಿಭಾಗ. ಸಂಬಳ ಮಾತ್ರ ಇಲ್ಲ. ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಲ್ಲಿ ಮಾಮ ಮೆಣಸಿನಕಾಯಿ ಬೆಳೀತಾನೆ. ಬೆಂಗಳೂರಿನಲ್ಲಿ ಕೂತು ಒಂದು ಆ್ಯಪ್ ಕಂಪನಿಯ ಡ್ಯಾಶ್‌ಬೋರ್ಡ್ ನೋಡೋದು ನನ್ನ ಕೆಲಸ. ಜನ ಯಾವ ಸ್ಕ್ರೀನಿನಲ್ಲಿ ಆ್ಯಪ್ ಮುಚ್ಚಿ ಹೋಗ್ತಾರೆ, ಯಾಕೆ ಹೋಗ್ತಾರೆ ಅಂತ ದಿನಕ್ಕೆ ಎಂಟು ಗಂಟೆ ತಲೆ ಕೆಡಿಸಿಕೊಳ್ಳೋದಕ್ಕೇ ನನಗೆ ದುಡ್ಡು ಕೊಡ್ತಾರೆ. ಅಂಥ ನಾನು ಮಾಮನ ಚಾನೆಲ್‌ನಲ್ಲಿ ಒಂದೂವರೆ ವರ್ಷ ವ್ಯೂಸ್ ಬಿಟ್ಟು ಬೇರೇನೂ ನೋಡಿರಲಿಲ್ಲ.

ನೋಡುವಂತೆ ಮಾಡಿದ್ದು ಎರಡು ವರ್ಷದ ಹಿಂದಿನ ಒಂದು ದೀಪಾವಳಿ.

2021-22ರ ಹಂಗಾಮು ನೆನಪಿದ್ದವರಿಗೆ ಹೊಸದಾಗಿ ಹೇಳಬೇಕಿಲ್ಲ. ಆ ವರ್ಷ ಆಂಧ್ರ, ತೆಲಂಗಾಣದ ಜೊತೆಗೆ ನಮ್ಮ ಕಡೆಯ ಮೆಣಸಿನ ಹೊಲಗಳಿಗೂ ಹೊಸ ಜಾತಿಯ ಥ್ರಿಪ್ಸ್ ನುಗ್ಗಿತ್ತು. ರೈತರ ಬಾಯಲ್ಲಿ ಅದು ಬ್ಲ್ಯಾಕ್ ಥ್ರಿಪ್ಸ್, ಕಪ್ಪು ನುಸಿ. ಮೊದಲಿನ ನುಸಿ ಹೆಚ್ಚಾಗಿ ಎಲೆಯಲ್ಲಿ ಕೂತು ಎಲೆಯನ್ನು ಮೇಲಕ್ಕೆ ಮುದುಡಿಸುತ್ತಿತ್ತು. ಇದು ಹೂವಿನೊಳಗೇ ಗುಂಪು ಗುಂಪಾಗಿ ಮನೆ ಮಾಡುತ್ತೆ. ಹೂವು ಉದುರಿ ಹೋದರೆ ಕಾಯಿ ಎಲ್ಲಿಂದ ಬರಬೇಕು? ಗಾಬರಿಯಲ್ಲಿ ಜನ ಸಿಕ್ಕಿದ ಔಷಧಿಯನ್ನೆಲ್ಲ ಹೊಡೆದರು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತೆ, ನುಸಿಯನ್ನು ತಿನ್ನೋ ಹುಳಗಳು ಮಾತ್ರ ಸಾಯುತ್ತವೆ. ಮಾಮನೂ ಆ ವರ್ಷ ಹಾಗೇ ಕಳಕೊಂಡವನು. ಕಲಿತದ್ದನ್ನು ನಾಲ್ಕು ಜನಕ್ಕೆ ಹೇಳಬೇಕು ಅಂತಲೇ ಅವನು ಚಾನೆಲ್ ಶುರು ಮಾಡಿದ್ದು.

ಆ ದೀಪಾವಳಿಗೆ ಊರಿಗೆ ಹೋದಾಗ ಮಾಮ ಖುಷಿಯಾಗಿದ್ದ. ಕಪ್ಪು ನುಸಿ ಬಗ್ಗೆ ನಾವು ಮಾಡಿದ್ದ ಏಳು ನಿಮಿಷದ ವಿಡಿಯೋಗೆ ಎರಡು ಸಾವಿರದ ಮುನ್ನೂರು ವ್ಯೂಸ್ ಬಂದಿತ್ತು. ಸಿರುಗುಪ್ಪ, ಕುರುಗೋಡು ಕಡೆಯಿಂದೆಲ್ಲ ಫೋನ್ ಬರುತ್ತಿದ್ದವು. ಹಬ್ಬದ ಮರುದಿನ ಪಕ್ಕದ ಹೊಲದ ಅಣ್ಣ ಕಟ್ಟೆ ಮೇಲೆ ಸಿಕ್ಕರು. ಹದಿನೈದು ದಿನದಲ್ಲಿ ಮೂರು ಸಲ ಔಷಧಿ ಹೊಡೆದಿದ್ದರು. ಮೂರು ಸಲವೂ ಅಂಗಡಿಯವರು ಕೊಟ್ಟದ್ದೇ.

"ಯಾಕಣ್ಣಾ, ನಮ್ ವಿಡಿಯೋ ನೋಡ್ಲಿಲ್ಲೇನು?" ಅಂತ ಮಾಮ ಕೇಳಿದ.

"ನೋಡಿದ್ನೆಪ್ಪಾ. ಅಂಗಡ್ಯಾಗ ನಿಂತ್ಕಂಡೇ ಹಚ್ಚಿದ್ದೆ. ನೀ ಇನ್ನಾ ಊರು, ತಾಲ್ಲೂಕು ಹೇಳ್ತಿದ್ದಿ. ಅಷ್ಟ್ರಾಗ ಅಂಗಡ್ಯಾತ ಏನ್ ಕೊಡ್ಲಿ ಅಂದ. ಕೊಡು ಅಂದೆ."

ಮಾಮ ನಕ್ಕ. ನನಗೆ ನಗು ಬರಲಿಲ್ಲ. 'ಹೊಡೆಯೋ ಮೊದಲು ಇದನ್ನ ನೋಡ್ರಿ' ಅನ್ನೋ ಮಾತು ಆ ವಿಡಿಯೋದಲ್ಲೇ ಇತ್ತು. ಆದರೆ ಅದು ಇದ್ದದ್ದು 3:50ರಲ್ಲಿ.

ಆ ರಾತ್ರಿ ಮಾಳಿಗೆ ಮೇಲೆ ಕೂತು ಯೂಟ್ಯೂಬ್ ಸ್ಟುಡಿಯೋ ತೆಗೆದೆ. ವಿಡಿಯೋದ ಅನಾಲಿಟಿಕ್ಸ್‌ನಲ್ಲಿ `Key moments for audience retention` ಅಂತ ಒಂದು ಗ್ರಾಫ್ ಇರುತ್ತೆ. ಅದನ್ನು ಓದೋದು ಕಷ್ಟವೇನಲ್ಲ. ಅಡ್ಡಗೆರೆಯಲ್ಲಿ ವಿಡಿಯೋದ ಸಮಯ, ಉದ್ದಗೆರೆಯಲ್ಲಿ ಆ ಕ್ಷಣವನ್ನು ಶೇಕಡಾ ಎಷ್ಟು ವೀಕ್ಷಣೆಗಳು ತಲುಪಿದವು ಅನ್ನೋ ಲೆಕ್ಕ. ಗೆರೆ ಸಮತಟ್ಟಾಗಿದ್ದರೆ ಜನ ಕೂತು ನೋಡುತ್ತಿದ್ದಾರೆ. ಇಳಿಜಾರಾಗಿದ್ದರೆ ಒಬ್ಬೊಬ್ಬರಾಗಿ ಏಳುತ್ತಿದ್ದಾರೆ. ನಡುವೆ ಗುಬ್ಬಿ ಥರ ಮೇಲೆದ್ದರೆ ಆ ಜಾಗವನ್ನು ಹಿಂದೆ ಹೋಗಿ ಮತ್ತೆ ನೋಡಿದ್ದಾರೆ, ಇಲ್ಲವೇ ನೇರವಾಗಿ ಅಲ್ಲಿಗೇ ಎಳೆದುಕೊಂಡು ಬಂದಿದ್ದಾರೆ. ಮೂವತ್ತನೇ ಸೆಕೆಂಡಿಗೆ ಎಷ್ಟು ಮಂದಿ ಉಳಿದಿದ್ದರು ಅನ್ನೋದನ್ನು ಅದೇ ಬೇರೆಯಾಗಿ ಬರೆದು ತೋರಿಸುತ್ತೆ. ನಿಮ್ಮದೇ ಹಿಂದಿನ, ಹೆಚ್ಚುಕಡಿಮೆ ಅಷ್ಟೇ ಉದ್ದದ ವಿಡಿಯೋಗಳಿಗೆ ಹೋಲಿಸಿ 'ಎಂದಿನಂತೆ' ಅಂತಲೋ 'ಕಡಿಮೆ' ಅಂತಲೋ ಒಂದು ಷರಾ ಕೂಡ ಹಾಕುತ್ತೆ. ನಮ್ಮದಕ್ಕೆ 'ಎಂದಿನಂತೆ' ಅಂತ ಇತ್ತು. ಅಂದರೆ ಎಲ್ಲ ವಿಡಿಯೋಗಳನ್ನೂ ಒಂದೇ ಸಮನಾಗಿ ಕೆಡಿಸಿದ್ದೆವು ಅಂತ ಅರ್ಥ.

ಮೂವತ್ತನೇ ಸೆಕೆಂಡಿಗೆ ಉಳಿದವರು ನೂರಕ್ಕೆ 44. ಮಾಮ ಹೊಲದೊಳಗೆ ಕಾಲಿಡುವ ಹೊತ್ತಿಗೆ 33. ಮುಖ್ಯ ಮಾತಿಗೆ ಸ್ವಲ್ಪ ಮುಂಚೆ 24.

ಗ್ರಾಫ್ ಒಂದನ್ನೇ ನೋಡುತ್ತ ಕೂತರೆ ಇಷ್ಟೇ ಗೊತ್ತಾಗೋದು. ಹಾಗಾಗಿ ಮಾಮನ ಹಾಲಿನ ಲೆಕ್ಕದ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ಆ ಸೆಕೆಂಡಿನಲ್ಲಿ ಏನು ಕಾಣುತ್ತಿದೆ, ಏನು ಕೇಳುತ್ತಿದೆ ಅಂತ ಬರೆದೆ. ಬಲಕ್ಕೆ ಅಲ್ಲಿಗೆ ಎಷ್ಟು ಮಂದಿ ಉಳಿದಿದ್ದಾರೆ ಅಂತ ಬರೆದೆ.

0:00ರಿಂದ 0:09: ತಿರುಗುವ ಲೋಗೋ, ತಮಟೆ ಸಂಗೀತ. ಎರಡು ರಾತ್ರಿ ನಿದ್ದೆಗೆಟ್ಟು ನಾನೇ ಮಾಡಿದ್ದು.
0:09ರಿಂದ 0:31: ನಮಸ್ಕಾರ, ಹೆಸರು, ಊರು, ತಾಲ್ಲೂಕು, ಜಿಲ್ಲೆ, ಎಷ್ಟು ವರ್ಷದಿಂದ ಬೇಸಾಯ.
0:31ರಿಂದ 0:44: ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ.
0:44ರಿಂದ 1:08: ಮೆಣಸಿನಕಾಯಿ ನಮ್ಮ ಭಾಗದ ಮುಖ್ಯ ಬೆಳೆ, ಬ್ಯಾಡಗಿ ಮಾರುಕಟ್ಟೆ, ಇತ್ಯಾದಿ.
1:08: "ಇಲ್ಲಿ ನೋಡ್ರಿ."

ಮೊದಲ ನಾಲ್ಕೈದು ಸೆಕೆಂಡಿನ ಇಳಿತದ ಬಗ್ಗೆ ಹೆಚ್ಚು ಚಿಂತೆ ಮಾಡಬೇಕಿಲ್ಲ. ಕೈತಪ್ಪಿ ಒತ್ತಿದವರು, ಇದು ತಮಗಲ್ಲ ಅಂತ ಕಂಡ ಕೂಡಲೇ ಗೊತ್ತಾದವರು ಎಲ್ಲ ವಿಡಿಯೋಗಳಲ್ಲೂ ಇರುತ್ತಾರೆ. ನಿಜವಾದ ಗುಂಡಿ ಬಿದ್ದದ್ದು ಲೋಗೋ ಮುಗಿದು ನಮಸ್ಕಾರ ನಡೆಯುತ್ತಿರುವಾಗ. ಇಲ್ಲೊಂದು ಎಚ್ಚರಿಕೆ ಬೇಕು. ಗೆರೆ ಇಳಿದ ಸೆಕೆಂಡಿನಲ್ಲಿ ಇರುವುದೇ ತಪ್ಪು ಅಂತ ಹೇಳಲು ಬರೋದಿಲ್ಲ. ಜನ ಬೇಸರ ಆದ ಕ್ಷಣಕ್ಕೇ ಏಳೋದಿಲ್ಲ, ಸ್ವಲ್ಪ ನೋಡಿ ಏಳುತ್ತಾರೆ. ಗುಂಡಿ ಕಂಡರೆ ಅದಕ್ಕೆ ನಾಲ್ಕೈದು ಸೆಕೆಂಡು ಹಿಂದೆ ಹೋಗಿ ನೋಡಬೇಕು. ಹಾಗೆ ನೋಡಿದರೆ ನನ್ನ ಲೋಗೋಗೂ ಈ ಪಾಪದಲ್ಲಿ ಪಾಲಿತ್ತು.

ಆ ಹಾಳೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. 3:50ರಲ್ಲಿ ಗೆರೆ 24ರಿಂದ 31ಕ್ಕೆ ಎದ್ದಿತ್ತು. ಅಲ್ಲಿ ಮಾಮ ಮಾಡೋದು ಇಷ್ಟೇ: ಒಂದು ಹೂವು ಕಿತ್ತು ಬಿಳಿ ಹಾಳೆಯ ಮೇಲೆ ಕೊಡವುತ್ತಾನೆ. ಹಾಳೆ ಮೇಲೆ ಕರಿ ಎಳ್ಳಿಗಿಂತ ಸಣ್ಣ ಚುಕ್ಕಿಗಳು ಬೀಳುತ್ತವೆ. ಒಂದು ಕ್ಷಣ ಬಿಟ್ಟು ಅವು ನಡೆಯೋಕೆ ಶುರು ಮಾಡುತ್ತವೆ. ಜನ ಬಂದದ್ದು ಇದನ್ನು ನೋಡೋಕೆ. ಕೆಲವರು ಹುಡುಕಿಕೊಂಡು ಅಲ್ಲಿಗೇ ಹೋಗಿದ್ದರು. ಹುಡುಕುವ ತಾಳ್ಮೆ ಇಲ್ಲದವರು ಔಷಧಿ ಅಂಗಡಿಯಲ್ಲಿ ನಿಂತಿದ್ದರು.

ಬೆಳಿಗ್ಗೆ ಮಾಮನಿಗೆ ಹಾಳೆ ತೋರಿಸಿದೆ. "ಹಂಗಾರ ನಾನು ನಮಸ್ಕಾರ ಮಾಡ್ಬಾರ್ದಾ?" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು.

ಮಾಮ ಹುಡುಗನಾಗಿದ್ದಾಗ ಬಯಲಾಟದಲ್ಲಿ ಪಾತ್ರ ಮಾಡುತ್ತಿದ್ದವನು. ಬಯಲಾಟ ಗಣಪತಿ ಸ್ತುತಿಯಿಂದ ಶುರುವಾಗುತ್ತೆ. ಪಾತ್ರ ರಂಗಕ್ಕೆ ಬಂದ ಮೇಲೆ ಸಾರಥಿ 'ನೀವು ಯಾರು, ಯಾವ ಊರಿನವರು' ಅಂತ ಕೇಳುತ್ತಾನೆ. ರಾಜ ತನ್ನ ಹೆಸರು, ವಂಶ, ರಾಜ್ಯ ಎಲ್ಲ ಹೇಳಿಕೊಂಡ ಮೇಲೇ ಕಥೆ ಮುಂದಕ್ಕೆ ಹೋಗೋದು. ಆ ಹೊತ್ತಿಗೆ ಜನ ಇನ್ನೂ ಊಟ ಮುಗಿಸಿ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ, ಮಕ್ಕಳನ್ನು ಮಲಗಿಸುತ್ತಿರುತ್ತಾರೆ. ಬೆಳಗಿನ ತನಕ ಎದ್ದು ಹೋಗುವವರಲ್ಲ. ಬರುವವರಿಗೆ ಸಮಯ ಕೊಡುವ ಆರಂಭ ಅದು. ಫೋನ್ ಹಿಡಿದವನು ಹಾಗಲ್ಲ. ಅವನು ಆಗಲೇ ಬಂದು ಕೂತಿದ್ದಾನೆ, ಪ್ರಶ್ನೆಯನ್ನೂ ಜೊತೆಗೇ ತಂದಿದ್ದಾನೆ. ನಾವು ಅವನನ್ನು ಕೂಡಿಸಿಕೊಂಡು ಚಾಪೆ ಹಾಸುತ್ತಿದ್ದೆವು. ಹೀಗೆ ಹೇಳಿದ ಮೇಲೆ ಮಾಮನಿಗೆ ಗ್ರಾಫ್ ತಟ್ಟನೆ ಅರ್ಥವಾಯಿತು.

ಹೊಸ ಆರಂಭ ಬರೆಯಲು ಕೂತೆ. ಮೊದಲ ಪ್ರಯತ್ನದಲ್ಲಿ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಮುಂದಿನ ವಿಡಿಯೋ ನೀಲಿ ಅಂಟು ಬಲೆ ಕಟ್ಟುವ ಬಗ್ಗೆ. ಈ ನುಸಿಗೆ ನೀಲಿ ಬಣ್ಣ ಸೆಳೆತ, ಅದಕ್ಕೇ ಹಳದಿಯ ಬದಲು ನೀಲಿ. ಆ ವಿಡಿಯೋದ ಮೊದಲ ಸಾಲಾಗಿ ಮಾಮನ ಕೈಲಿ "ಈ ಒಂದು ತಪ್ಪು ಮಾಡಿದ್ರೆ ನಿಮ್ಮ ಮೆಣಸಿನ ಬೆಳೆ ಪೂರ್ತಿ ನಾಶ! ಆ ತಪ್ಪು ಯಾವ್ದು, ಕೊನೇಲಿ ಹೇಳ್ತೀನಿ" ಅಂತ ಹೇಳಿಸಿದೆ. ಮಾಮ ಮೂರು ಟೇಕ್ ತಗೊಂಡ. ಮೂರರಲ್ಲೂ ಯಾರೋ ಹಿಂದಿನಿಂದ ಚಿವುಟಿ ಹೇಳಿಸಿದ ಹಾಗಿತ್ತು.

ಮೂವತ್ತನೇ ಸೆಕೆಂಡಿನ ಲೆಕ್ಕ 44ರಿಂದ 63ಕ್ಕೆ ಏರಿತು. ನಾನು ಆಫೀಸಿನಲ್ಲಿ ಕೂತಲ್ಲೇ ಮುಷ್ಟಿ ಬಿಗಿ ಹಿಡಿದೆ. ಆಮೇಲೆ ಗೆರೆಯ ಮೇಲೆ ಬೆರಳಿಟ್ಟು ಬಲಕ್ಕೆ ಎಳೆದರೆ ಒಂದೂವರೆ ನಿಮಿಷದ ಹೊತ್ತಿಗೆ 26. ಹಳೆಯ ವಿಡಿಯೋ ಆ ಜಾಗದಲ್ಲಿ ಇದಕ್ಕಿಂತ ಮೇಲಿತ್ತು. ಮೊದಲಿದ್ದ ಗುಂಡಿಯನ್ನು ನಾನು ಮುಚ್ಚಿರಲಿಲ್ಲ, ಒಂದು ನಿಮಿಷ ಮುಂದಕ್ಕೆ ತಳ್ಳಿದ್ದೆ ಅಷ್ಟೇ. ತಪ್ಪು ಯಾವುದು ಅಂತ ಕಾಯುತ್ತಿದ್ದವರು, ಇವರು ಈಗಲೇ ಹೇಳೋದಿಲ್ಲ ಅಂತ ಗೊತ್ತಾದ ಕೂಡಲೇ ಎದ್ದಿದ್ದರು. ಕೊನೆಯಲ್ಲೊಂದು ಸಣ್ಣ ಗುಬ್ಬಿ ಎದ್ದಿತ್ತು. ಕೆಲವರು ನಡುವಿನದನ್ನೆಲ್ಲ ಹಾರಿಸಿ ಉತ್ತರಕ್ಕೇ ಹೋಗಿದ್ದರು. ಬಲೆಯನ್ನು ಗಿಡದ ಎತ್ತರಕ್ಕೆ ಸರಿಯಾಗಿ ಕಟ್ಟೋದು ಹೇಗೆ ಅನ್ನೋದು ಇದ್ದದ್ದು ಆ ನಡುವಿನಲ್ಲೇ.

ಮೂವತ್ತನೇ ಸೆಕೆಂಡಿನ ಸಂಖ್ಯೆ ಆರಂಭದ ಬಗ್ಗೆ ಮಾತ್ರ ಹೇಳುತ್ತೆ ಅಂತ ಅವತ್ತು ತಲೆಗೆ ಹೋಯಿತು. ನಮಗೆ ಬೇಕಿದ್ದ ಸಂಖ್ಯೆ ಇನ್ನೊಂದು. ಯಾವ ಮಾತಿಗೋಸ್ಕರ ವಿಡಿಯೋ ಮಾಡಿದೆವೋ ಆ ಮಾತಿನ ಹೊತ್ತಿಗೆ ಎಷ್ಟು ಮಂದಿ ಇದ್ದರು? ಹೋಲಿಸುವುದಾದರೆ ಅದನ್ನೇ ಹೋಲಿಸಬೇಕು. ಸರಾಸರಿ ಶೇಕಡಾ ನೋಡಿದರೂ ಮೋಸ ಹೋಗುತ್ತೇವೆ. ವಿಡಿಯೋ ಚಿಕ್ಕದಾದಷ್ಟೂ ಆ ಸಂಖ್ಯೆ ತಾನಾಗಿಯೇ ಚೆನ್ನಾಗಿ ಕಾಣುತ್ತೆ.

ಮೂರನೆಯದನ್ನು ಬರೆಯುವಾಗ ಮಾಮನನ್ನೇ ಕೇಳಿದೆ. "ಪಕ್ಕದ ಹೊಲದ ಅಣ್ಣ ಈಗ ಅಂಗಡಿಗೆ ಹೊಂಟಾರ. ಬಸ್ ಸ್ಟ್ಯಾಂಡ್‌ನಾಗ ನಿಂಗ ಸಿಕ್ಕ್ರು. ಬಸ್ ಬರಾಕ ಹತ್ತೈತಿ. ಏನ್ ಹೇಳ್ತಿ?"

ಮಾಮ ಯೋಚನೆ ಮಾಡದೇ ಹೇಳಿದ: "ಅಣ್ಣಾ, ಔಷಧಿ ತರೋಕ್ಕಿಂತ ಮೊದ್ಲು ಒಂದು ಹೂವು ಬಿಳಿ ಹಾಳಿ ಮ್ಯಾಲ ಕೊಡವಿ ನೋಡು. ಕರೇವು ಬಿದ್ದ್ರ ಒಂದು ದಾರಿ, ಬೀಳ್ಲಿಲ್ಲಂದ್ರ ಇನ್ನೊಂದು."

ಸ್ಕ್ರಿಪ್ಟ್ ಅಲ್ಲಿಗೆ ಮುಗಿಯಿತು. ಸೊನ್ನೆಯನೇ ಸೆಕೆಂಡಿಗೆ ಹೂವು, ಹಾಳೆ, ಮಾಮನ ಕೈ. ಮುಖವೂ ಇಲ್ಲ, ಲೋಗೋ ಕೂಡ ಇಲ್ಲ. ಚುಕ್ಕಿಗಳು ನಡೆಯುತ್ತಿರುವಾಗ ಆ ಸಾಲು. ಆಮೇಲೆ 'ಕರೇವು ಬೀಳದಿದ್ದರೆ' ಅನ್ನೋ ದಾರಿ: ಎಲೆ ಕೆಳಕ್ಕೆ ಮುದುಡಿದ್ದರೆ ಅದು ಮೈಟ್ ಇರಬಹುದು, ಅದಕ್ಕೆ ಥ್ರಿಪ್ಸ್ ಔಷಧಿ ಹೊಡೆದರೆ ದುಡ್ಡು ದಂಡ. 0:36ಕ್ಕೆ ಮಾಮನ ಮುಖ, ಕೈಮುಗಿದು ಒಂದೇ ಸಾಲು: "ನಮಸ್ಕಾರ್ರೀ, ನಾನು ರೂಪನಗುಡಿಯಿಂದ ಮಾತಾಡಾಕತ್ತೀನಿ." 1:40ಕ್ಕೆ ಮುಖ್ಯ ಮಾತು: ಒಂದೇ ಔಷಧಿ ಸಾಲಾಗಿ ಹೊಡೀಬ್ಯಾಡ್ರಿ, ಯೂರಿಯಾ ಕಡಿಮೆ ಮಾಡ್ರಿ, ಕೃಷಿ ವಿಜ್ಞಾನಿಗಳನ್ನು ಕೇಳದೆ ಎರಡು ಔಷಧಿ ಬೆರೆಸಬ್ಯಾಡ್ರಿ. ಒಟ್ಟು ಐದು ನಿಮಿಷಕ್ಕೂ ಕಡಿಮೆ. ಸಬ್‌ಸ್ಕ್ರೈಬ್ ಮಾತು ಕೊನೆಗೆ ಹೋಯಿತು.

ಹಾಕಿದ ಎರಡನೇ ದಿನಕ್ಕೆ ಮೂವತ್ತನೇ ಸೆಕೆಂಡಿನಲ್ಲಿ 71! ಸ್ಕ್ರೀನ್‌ಶಾಟ್ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅತ್ತೆ ಮೂರು ಹೂವಿನ ಎಮೋಜಿ ಕಳಿಸಿದರು. ಒಂದು ವಾರದ ಮೇಲೆ ನೋಡಿದರೆ 59ಕ್ಕೆ ಇಳಿದಿತ್ತು. ವಿಡಿಯೋ ಕೆಟ್ಟಿರಲಿಲ್ಲ, ನೋಡುವವರು ಬದಲಾಗಿದ್ದರು. ಮೊದಲ ದಿನಗಳಲ್ಲಿ ಬಂದವರು ನೋಟಿಫಿಕೇಷನ್ ನೋಡಿ ಬಂದ ಮಾಮನ ಹಳೆಯ ಅಭಿಮಾನಿಗಳು. ಆಮೇಲೆ ಯೂಟ್ಯೂಬ್ ಅದನ್ನು ಪರಿಚಯವಿಲ್ಲದವರ ಮುಂದೆ ಇಡುತ್ತಾ ಹೋಯಿತು. ಹಾಗಾಗಿ ಒಂದು ವಿಡಿಯೋದ ಎರಡನೇ ದಿನವನ್ನು ಇನ್ನೊಂದರ ಎರಡನೇ ತಿಂಗಳಿಗೆ ಹೋಲಿಸಿದರೆ ನಮಗೆ ನಾವೇ ಟೋಪಿ ಹಾಕಿಕೊಂಡ ಹಾಗೆ. ವಾರದ ಲೆಕ್ಕಕ್ಕೆ ವಾರದ ಲೆಕ್ಕವನ್ನೇ ಇಡಬೇಕು. ಹಾಗೆ ಇಟ್ಟಾಗ ಸಿಕ್ಕಿದ್ದು ಇದು: ಹಳೆಯ ವಿಡಿಯೋದಲ್ಲಿ ಮುಖ್ಯ ಮಾತಿನ ಹತ್ತಿರ ನೂರಕ್ಕೆ 24 ಉಳಿದಿದ್ದರು, ಹೊಸದರಲ್ಲಿ 46. ಅರ್ಧಕ್ಕಿಂತ ಹೆಚ್ಚು ಜನ ಈಗಲೂ ಅಲ್ಲಿಗೆ ಬರೋದಿಲ್ಲ. ಆದರೆ ಹೂವು ಕೊಡವುವ ಮಾತು ಮೊದಲ ಹತ್ತು ಸೆಕೆಂಡಿನಲ್ಲೇ ಸಿಗೋದರಿಂದ, ಎದ್ದು ಹೋದವರಲ್ಲೂ ಬಹಳ ಮಂದಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಾರೆ.

ಅದೇ ಗ್ರಾಫನ್ನು ಆಗ ಹೊಸ ವೀಕ್ಷಕರು, ಮರಳಿ ಬರುವ ವೀಕ್ಷಕರು ಅಂತ ಎರಡು ಗೆರೆಯಾಗಿಯೂ ನೋಡಬಹುದಿತ್ತು. ಕುತೂಹಲಕ್ಕೆ ಹಳೆಯ ವಿಡಿಯೋವನ್ನು ಹಾಗೆ ತೆಗೆದು ನೋಡಿದೆ. ಹೊಸಬರ ಗೆರೆ ನಮಸ್ಕಾರದಲ್ಲಿ ಬಾವಿಗೆ ಬಿದ್ದ ಹಾಗಿತ್ತು. ಮರಳಿ ಬರುವವರದು ಅದೇ ಜಾಗದಲ್ಲಿ ಹೆಚ್ಚುಕಡಿಮೆ ಸಮತಟ್ಟು. ಮಾಮ ಊರು, ತಾಲ್ಲೂಕು, ಜಿಲ್ಲೆ ಹೇಳುವಷ್ಟೂ ಹೊತ್ತು ಅವರು ಕೂತಿದ್ದರು. ಗೊತ್ತಿರುವ ಮನುಷ್ಯ ಮಾತಾಡುತ್ತಿದ್ದರೆ ನಾವೂ ಹಾಗೇ ತಾನೇ ಕೂರೋದು? ಮಾಮನಿಗೆ ಇದನ್ನು ತೋರಿಸಿದಾಗ ಏನೂ ಹೇಳಲಿಲ್ಲ. ಫೋನನ್ನು ಸ್ವಲ್ಪ ದೂರ ಹಿಡಿದು, ಕನ್ನಡಕ ಸರಿ ಮಾಡಿಕೊಂಡು, ಆ ಎರಡನೇ ಗೆರೆಯನ್ನೇ ನೋಡುತ್ತಿದ್ದ.

ಹಳೆಯ ವಿಡಿಯೋದ ಕಥೆ ಉಳಿಯಿತು. ಯೂಟ್ಯೂಬ್‌ನಲ್ಲಿ ಹಾಕಿದ ವಿಡಿಯೋವನ್ನು ಅದೇ ಲಿಂಕಿನಲ್ಲಿ ಬೇರೆ ಫೈಲಿಗೆ ಬದಲಿಸೋಕೆ ಬರೋದಿಲ್ಲ. ತೆಗೆದು ಮತ್ತೆ ಹಾಕಿದರೆ ವ್ಯೂಸ್, ಕಾಮೆಂಟು ಎಲ್ಲ ಹೋಗುತ್ತೆ, ಗ್ರೂಪುಗಳಲ್ಲಿ ಹಂಚಿದ ಲಿಂಕ್ ಸಾಯುತ್ತೆ. ಆದರೆ ಸ್ಟುಡಿಯೋದ ಎಡಿಟರ್‌ನಲ್ಲಿ ಒಂದು ಭಾಗ ಕತ್ತರಿಸಿ ತೆಗೆಯಬಹುದು, ಲಿಂಕ್ ಹಾಗೇ ಉಳಿಯುತ್ತೆ. ಹೊಸ ಆರಂಭ ಅಂಟಿಸೋಕೆ ಆಗೋದಿಲ್ಲ, ಹಳೆಯದನ್ನು ಕಡಿಯೋಕೆ ಆಗುತ್ತೆ. 0:00ರಿಂದ 1:08ರ ತನಕ ಗುರುತು ಮಾಡಿ ಸೇವ್ ಒತ್ತಿದೆ. ನನ್ನ ಲೋಗೋ, ಬ್ಯಾಡಗಿ ಮಾರುಕಟ್ಟೆ, ಗಂಟೆ ಎಲ್ಲ ಹೋಯಿತು. ಈಗ ಅದು "ಇಲ್ಲಿ ನೋಡ್ರಿ" ಅಂತಲೇ ಶುರುವಾಗುತ್ತೆ.

ಗ್ರಾಫ್ ಎಲ್ಲಿ ಅಂತ ಹೇಳುತ್ತೆ, ಯಾಕೆ ಅಂತ ಹೇಳೋದಿಲ್ಲ. ಯಾಕೆ ಅಂತ ಹೇಳಿದ್ದು ಕಟ್ಟೆ ಮೇಲೆ ಸಿಕ್ಕ ಆ ಅಣ್ಣ. ಅವರು ಸಿಗದೇ ಇದ್ದಿದ್ದರೆ ನಾನು ಮಾಮನ ದನಿ ಸರಿಯಿಲ್ಲ, ಬೆಳಕು ಸರಿಯಿಲ್ಲ ಅಂತ ಹೊಸ ಮೈಕ್ ಕೊಂಡು ಸುಮ್ಮನಾಗುತ್ತಿದ್ದೆ.

ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋದಾಗ ಅವರು ಬದುವಿನ ಮೇಲೆ ಕೂತಿದ್ದರು. ಬಿಳಿ ಹಾಳೆ ಸಿಕ್ಕಿರಲಿಲ್ಲ ಅನಿಸುತ್ತೆ, ಹೆಗಲ ಮೇಲಿನ ಬಿಳಿ ಟವೆಲ್ ಹಾಸಿ ಅದರ ಮೇಲೆ ಹೂವು ಕೊಡವುತ್ತಿದ್ದರು. ಬಗ್ಗಿ ನೋಡಿ, "ಈ ಸಲ ಕಡಿಮಿ ಅದಾವ್ರಿ" ಅಂದರು.

ಮೂರನೇ ವಿಡಿಯೋದ ಗ್ರಾಫಿನಲ್ಲಿ 0:36ರ ಹತ್ತಿರ ಈಗಲೂ ಒಂದು ಸಣ್ಣ ಗುಂಡಿ ಇದೆ. ಮಾಮ ಕೈಮುಗಿಯುವ ಜಾಗ ಅದು. ಅದನ್ನೂ ತೆಗೆದರೆ ಇನ್ನೆರಡು ಮೂರು ಮಂದಿ ಉಳೀತಾರೇನೋ. ಮಾಮ ಕೇಳಿದ, "ಅಳಿಯಾ, ಇದನ್ನೂ ಕಡೀತೀಯೇನು?"

ಬೇಡ ಮಾಮ, ಅದು ಇರಲಿ ಅಂದೆ.